ಪಕ್ಕದ ಸೀಟಿನ ಅಕ್ಕನಿಗೆ ವಾಸನೆಯ ವಿಷಯ ಹೇಗೆ ಹೇಳಲಿ?

"ಪುಣೆಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಪಕ್ಕದಲ್ಲಿ ಕೂರುವ ಅಕ್ಕ ಧಾರವಾಡದ ಕಡೆಯವರು, ನನಗಿಂತ ತುಂಬಾ ದೊಡ್ಡವರು, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮಳೆಗಾಲ ಶುರುವಾದ ಮೇಲೆ ಅವರ ಹತ್ತಿರ ಕೂರಲು ಆಗದಷ್ಟು ವಾಸನೆ. ಆಫೀಸಿನವರೆಲ್ಲ 'ನಿಮ್ಮ ಭಾಷೆಯವರಲ್ವಾ, ನೀನೇ ಹೇಳು' ಅಂತಿದ್ದಾರೆ. ಬೇಜಾರಾಗದ ಹಾಗೆ ಹೇಗೆ ಹೇಳಲಿ?"

ನೀವೇ ಹೇಳಿ. ಆದರೆ ಆಫೀಸಿನವರು ಹೇಳಿದರು ಅಂತ ಹೇಳಬೇಡಿ. ಅಕ್ಕನ ಮೇಲೆ ನಿಮಗೆ ಪ್ರೀತಿ ಇದೆ, ಅದಕ್ಕೆ ಹೇಳಿ. ಇನ್ನೊಂದು ವಿಷಯ: ಬಾಯಿ ತೆರೆಯುವ ಮೊದಲು ಎರಡು ಮೂರು ದಿನ ಸುಮ್ನೆ ಗಮನಿಸಿ. ವಾಸನೆ ಮೈಯದ್ದೋ ಬಟ್ಟೆಯದ್ದೋ ಅನ್ನುವುದು ಗೊತ್ತಾದರೆ ಅರ್ಧ ಕಷ್ಟ ಕಳೆದ ಹಾಗೆ.

ಇದು ನನಗೆ ಗೊತ್ತಾಗಿದ್ದು ಮುಂಬೈಯಲ್ಲಿ. ನಾನು ಉಡುಪಿ ಕಡೆಯವನು. ಅಂಧೇರಿ ಪೂರ್ವದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೆ. ಒಂದು ಜೂನ್‌ನಲ್ಲಿ ವಿಜಯಪುರದ ಕಡೆಯ ಒಬ್ಬ ಹುಡುಗ ಬಂದು ಸೇರಿದ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮರ್ಯಾದೆ. ಮಳೆ ಜೋರಾಗುತ್ತಿದ್ದ ಹಾಗೆ ಅವನ ಸುತ್ತ ವಾಸನೆ ಶುರುವಾಯಿತು. ಏಸಿ ಹಾಕಿ ಕಿಟಕಿ ಮುಚ್ಚಿದ ಕೋಣೆ, ಎಲ್ಲಿಗೆ ಹೋಗುತ್ತದೆ ಅದು? ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಒಬ್ಬರು ಮೂಗಿಗೆ ಕರ್ಚೀಫು ಹಿಡಿದರು. ಇನ್ನೊಬ್ಬರು ಅವನ ಮೇಜಿನ ಮೇಲೆ ಡಿಯೋ ಬಾಟಲಿ ಇಟ್ಟು ಹೋದರು. ಅವನು ಅದನ್ನು ದಿನಾ ಹೊಡೆದುಕೊಂಡು ಬಂದ. ಎರಡೂ ಸೇರಿ ವಾಸನೆ ಇನ್ನೂ ಕೆಟ್ಟದಾಯಿತು. ಜುಲೈ ಹೊತ್ತಿಗೆ ಅವನು ಡಬ್ಬಿ ತೆಗೆದುಕೊಂಡು ಮೆಟ್ಟಿಲ ಹತ್ತಿರ ಒಬ್ಬನೇ ಕೂತು ಊಟ ಮಾಡತೊಡಗಿದ್ದ. ಏನೋ ಸರಿಯಿಲ್ಲ ಅಂತ ಅವನಿಗೆ ತಿಳಿದಿತ್ತು, ಏನು ಅಂತ ತಿಳಿದಿರಲಿಲ್ಲ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ನಾನು ಗಮನಿಸಿದ್ದು ಇಷ್ಟು. ಬೆಳಿಗ್ಗೆ ಒಂಬತ್ತೂವರೆಗೆ ಬರುವಾಗಲೇ ವಾಸನೆ ಇರುತ್ತಿತ್ತು. ಬೆವರಿನದ್ದಾದರೆ ಬೆಳಿಗ್ಗೆ ಕಡಿಮೆ ಇದ್ದು ಸಂಜೆಗೆ ಏರಬೇಕು, ಅಲ್ವಾ? ಒಂದು ದಿನ ಅವನು ಊಟಕ್ಕೆ ಹೋಗಿದ್ದಾಗ ಕುರ್ಚಿಗೆ ನೇತುಹಾಕಿದ್ದ ಜಾಕೆಟ್ಟಿನ ಹತ್ತಿರ ಹೋದೆ. ಅದೇ ವಾಸನೆ. ಕಂಕುಳಿನ ಬೆವರಿನ ಕಮಟು ಅಲ್ಲ, ಸರಿಯಾಗಿ ಒಣಗದ ಬಟ್ಟೆಯ ಮುಗ್ಗಲು.

ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಬೇರೆ ಮಾತು ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾತ, ಗಬ್ಬು, ನಾರುತ್ತೆ ಅಂದರೆ ಬೈಗುಳ. ವಾಸನೆ ಅಂದರೆ ಸ್ವಲ್ಪ ಮೆತ್ತಗೆ. ಮುಗ್ಗಲು ಅಂದರೆ ಬೆರಳು ಬಟ್ಟೆಯ ಕಡೆಗೆ ಹೋಗುತ್ತದೆ, ಮನುಷ್ಯನ ಕಡೆಗಲ್ಲ. "ಸ್ನಾನ ಮಾಡಲ್ವಾ" ಅನ್ನುವ ಮಾತನ್ನಂತೂ ಅಪ್ಪಿತಪ್ಪಿಯೂ ಆಡಬಾರದು. ನಮ್ಮಲ್ಲಿ ಆ ಮಾತು ಮನೆತನಕ್ಕೆ, ಬೆಳೆಸಿದ ತಾಯಿಗೆ, ಜಾತಿಗೆ ಹೋಗಿ ತಾಗುತ್ತದೆ. ತಿನ್ನುವ ಊಟದ ಮಾತನ್ನೂ ಎತ್ತಬೇಡಿ, ಅದಕ್ಕೂ ಇದೇ ಕಾರಣ.

ಹೇಳಿದ್ದು ಸಂಜೆ ಆರರ ಮೇಲೆ. ಬೆಳಿಗ್ಗೆ ಹೇಳಿದರೆ ಪಾಪ, ದಿನವಿಡೀ ಅದೇ ಬಟ್ಟೆಯಲ್ಲಿ ಎಲ್ಲರ ನಡುವೆ ಕುಗ್ಗಿ ಕೂರಬೇಕು. ಸಂಜೆಯಾದರೆ ನೇರ ಮನೆಗೆ ಹೋಗಬಹುದು. ಚಕಾಲಾ ಮೆಟ್ರೊ ಸ್ಟೇಷನ್ನಿಗೆ ನಡೆಯುವ ದಾರಿಯಲ್ಲಿ ಒಂದು ಟಪ್ರಿಯಲ್ಲಿ ಕಟಿಂಗ್ ಚಹಾ ತೆಗೆದುಕೊಂಡು ಪಕ್ಕಕ್ಕೆ ನಿಂತೆವು. ಕನ್ನಡದಲ್ಲಿ ಮಾತಾಡಿದರೆ ಸುತ್ತ ನಿಂತವರಿಗೆ ತಿಳಿಯುವುದಿಲ್ಲ, ಅದು ದೊಡ್ಡ ಅನುಕೂಲ. ಹವಾ, ಮಳೆ, ಕೆಲಸ ಅಂತ ಸುತ್ತಿ ಬಳಸಲಿಲ್ಲ. "ಒಂದು ಮಾತು ಹೇಳ್ತೀನಿ, ಕೇಳೋಕೆ ಕಷ್ಟ ಆಗುತ್ತೆ. ನನ್ನ ತಮ್ಮನಿಗಾದರೂ ಹೇಳ್ತಿದ್ದೆ. ಮಳೆ ಶುರುವಾದ ಮೇಲೆ ನಿನ್ನ ಬಟ್ಟೆಯಿಂದ ಮುಗ್ಗಲು ವಾಸನೆ ಬರ್ತಿದೆ. ಬಟ್ಟೆ ಸರಿಯಾಗಿ ಒಣಗ್ತಿಲ್ಲ ಅನ್ಸುತ್ತೆ" ಅಂದೆ. ಅಷ್ಟೇ. ಆಮೇಲೆ ಸುಮ್ಮನಾದೆ.

ಅವನು ಚಹಾದ ಗ್ಲಾಸು ಹಿಡಿದುಕೊಂಡೇ ಕಾಲರಿನ ಕಡೆಗೆ ಮೂಗು ಬಾಗಿಸಿ ನೋಡಿದ. "ನಾ ದಿನಾ ಎರಡು ಹೊತ್ತು ಜಳಕ ಮಾಡ್ತೀನ್ರಿ ಅಣ್ಣಾರ" ಅಂದ. ದನಿ ನಡುಗುತ್ತಿತ್ತು. "ಗೊತ್ತು, ನಾನು ಹೇಳಿದ್ದು ಅಂಗಿಯದ್ದು" ಅಂದೆ. "ಎಲ್ಲಾರೂ ಅಂತಾರೇನ್ರಿ?" ಅಂತ ಕೇಳಿದ. ಈ ಪ್ರಶ್ನೆ ನಿಮಗೂ ಬರುತ್ತದೆ, ಉತ್ತರ ತಯಾರಿರಲಿ. "ಬೇರೆಯವರ ಮಾತು ನಾನು ತರಲ್ಲ. ನನಗೆ ಗೊತ್ತಾಯ್ತು, ಅದಕ್ಕೆ ಹೇಳಿದೆ" ಅಂದೆ. ಎಲ್ಲರೂ ಅಂತಾರೆ ಅಂದಿದ್ದರೆ ಮರುದಿನ ಅವನು ಯಾರ ಮುಖ ನೋಡುತ್ತಿದ್ದ?

ಆಮೇಲೆ ಅವನೇ ವಿಷಯ ಬಿಡಿಸಿ ಹೇಳಿದ. ಡೊಂಬಿವಲಿಯಲ್ಲಿ ಒಂದೇ ರೂಮಿನಲ್ಲಿ ಐದು ಜನ. ಬೆಳಿಗ್ಗೆ ಒಂದು ಗಂಟೆ ನೀರು. ಆಗಲೇ ಬಟ್ಟೆಯನ್ನು ಸೋಪಿನ ಪುಡಿ ಹಾಕಿದ ಬಕೆಟ್ಟಿನಲ್ಲಿ ನೆನೆಸಿ ಹೊರಡುತ್ತಿದ್ದ. ಘಾಟ್ಕೋಪರಿನವರೆಗೆ ಲೋಕಲ್, ಅಲ್ಲಿಂದ ಮೆಟ್ರೊ. ಸಂಜೆ ಅಷ್ಟೇ ದೂರ ವಾಪಸ್. ರಾತ್ರಿ ಹತ್ತಕ್ಕೆ ಹಿಂಡಿ, ರೂಮಿನೊಳಗೆ ಹಗ್ಗದ ಮೇಲೆ ಐದೂ ಜನರ ಬಟ್ಟೆ ಒತ್ತೊತ್ತಾಗಿ ಹಾಕುತ್ತಿದ್ದರು. ಅಂದರೆ ಬಟ್ಟೆ ದಿನವಿಡೀ ನೀರಿನಲ್ಲಿ, ಆಮೇಲೆ ಗಾಳಿಯಿಲ್ಲದ ಕೋಣೆಯಲ್ಲಿ ಒಂದೂವರೆ ದಿನ ಹಸಿ.

ಈ ಮುಗ್ಗಲಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಅಂತ ಅದರ ಹೆಸರು. ತೊಳೆದರೂ ಎಳೆಯಲ್ಲಿ ಉಳಿಯುತ್ತದೆ, ಒಣಗಿಸಿದರೂ ಸಾಯುವುದಿಲ್ಲ. ಬಟ್ಟೆ ಮತ್ತೆ ತೇವವಾದಾಗ ಬೆವರು, ಎಣ್ಣೆಯಂಶ ತಿಂದು ವಾಸನೆ ಬಿಡುತ್ತದೆ. ಆದ್ದರಿಂದ ಒಣಗಿದ ಅಂಗಿಯನ್ನು ಬೆಳಿಗ್ಗೆ ಮೂಸಿದರೆ ಏನೂ ಗೊತ್ತಾಗುವುದಿಲ್ಲ. ಹಾಕಿಕೊಂಡು ಲೋಕಲ್ಲಿನ ನೂಕುನುಗ್ಗಲಿನಲ್ಲಿ ಬೆವರಿದಾಗ ಶುರುವಾಗುತ್ತದೆ, ಅಷ್ಟರಲ್ಲಿ ಹಾಕಿಕೊಂಡವರ ಮೂಗು ಅದಕ್ಕೆ ಒಗ್ಗಿ ಹೋಗಿರುತ್ತದೆ. ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ನಿಮ್ಮ ಅಕ್ಕನಿಗೂ ತಿಳಿದಿರಲಿಕ್ಕಿಲ್ಲ.

ಅವನು ಮಾಡಿದ ಬದಲಾವಣೆ ದೊಡ್ಡದೇನಲ್ಲ. ದಿನವಿಡೀ ನೆನೆಸುವುದನ್ನು ಬಿಟ್ಟ. ರಾತ್ರಿ ಬಂದ ಮೇಲೆ ಕೈ ಇಡಲಾಗದಷ್ಟು ಬಿಸಿ ನೀರು ಅರ್ಧ ಬಕೆಟ್, ಅದಕ್ಕೆ ಅರ್ಧ ಕಪ್ ಬಿಳಿ ವಿನೆಗರ್, ಅರ್ಧ ಗಂಟೆ ಮಾತ್ರ. ಆಮೇಲೆ ಸೋಪು ಹಾಕಿ ಕಂಕುಳು, ಕಾಲರ್ ಉಜ್ಜಿ ಜಾಲಿಸುವುದು. ಬ್ಲೀಚಿನ ಜೊತೆ ವಿನೆಗರ್ ಸೇರಿಸಲೇಬಾರದು, ವಿಷದ ಗಾಳಿ ಏಳುತ್ತದೆ. ಮರುದಿನ ಹಾಕುವ ಅಂಗಿಯನ್ನು ಹ್ಯಾಂಗರಿಗೆ ಹಾಕಿ ಫ್ಯಾನಿನ ಕೆಳಗೆ ಒಂಟಿಯಾಗಿ ತೂಗುಬಿಟ್ಟು, ಪೂರ್ತಿ ಒಣಗುವ ತನಕ ಇಸ್ತ್ರಿ ಮಾಡಿದ. ಒಳಗೆ ಹತ್ತಿಯ ಬನಿಯನ್ ಹಾಕತೊಡಗಿದ. ಪಾಲಿಯೆಸ್ಟರ್ ಜಾಸ್ತಿ ಇದ್ದ ಎರಡು ಅಂಗಿಗಳ ವಾಸನೆ ಏನು ಮಾಡಿದರೂ ಹೋಗಲಿಲ್ಲ, ಅವನ್ನು ಬಿಡಬೇಕಾಯಿತು. ಆ ಬಟ್ಟೆ ಮೈಯ ಎಣ್ಣೆಯಂಶವನ್ನು ಹತ್ತಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹತ್ತು ದಿನದಲ್ಲಿ ಆಫೀಸು ಸರಿಯಾಯಿತು.

ನಿಮ್ಮ ಅಕ್ಕನ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಶುರುವಾಯಿತು ಅಂತ ನೀವೇ ಬರೆದಿದ್ದೀರಿ, ಹಾಗಾಗಿ ನನ್ನ ಅನುಮಾನವೂ ಬಟ್ಟೆಯ ಮೇಲೆಯೇ. ಲೈನಿಂಗ್ ಹಾಕಿದ ಬ್ಲೌಸು, ಕುರ್ತಾ ಆದರೆ ಕಂಕುಳಿನ ಹತ್ತಿರ ಎರಡು ಪದರ ಇರುತ್ತದೆ. ಮೇಲಿನದು ಒಣಗಿದರೂ ಒಳಗಿನದು ಹಸಿಯೇ ಇರುತ್ತದೆ. ಒಳಮಗ್ಗುಲು ಹೊರಗೆ ಮಾಡಿ ಒಣಹಾಕಿದರೆ ಎಷ್ಟೋ ವ್ಯತ್ಯಾಸ. ನೀವಿಬ್ಬರೇ ಹೊರಗೆ ನಡೆಯುವಾಗ ಹೀಗೆ ಹೇಳಬಹುದು: "ಅಕ್ಕಾ, ನೀವು ನನಗೆ ಸ್ವಂತ ಅಕ್ಕನ ಹಾಗೆ, ಅದಕ್ಕೆ ಹೇಳ್ತಿದೀನಿ. ಈ ಮಳೇಲಿ ನಿಮ್ಮ ಬಟ್ಟೆಯಿಂದ ಸ್ವಲ್ಪ ಮುಗ್ಗಲು ವಾಸನೆ ಬರ್ತಿದೆ. ನಿಮಗೆ ಗೊತ್ತಾಗಿರಲ್ಲ." ಕ್ಷಮಿಸಿ ಕ್ಷಮಿಸಿ ಅಂತ ಹತ್ತು ಸಲ ಹೇಳಬೇಡಿ, ಆಗ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ವಾಟ್ಸಾಪಿನಲ್ಲಿ ಬರೆಯಬೇಡಿ. ಬರೆದದ್ದನ್ನು ಅವರು ರಾತ್ರಿಯೆಲ್ಲ ಮತ್ತೆ ಮತ್ತೆ ಓದುತ್ತಾರೆ.

ಬೆಳಿಗ್ಗೆ ಏನೂ ಇಲ್ಲದೆ ಸಂಜೆಗೆ ಏರುವ ವಾಸನೆಯಾದರೆ ಮಾತು ಬೇರೆ. ಆಗ "ಬಟ್ಟೆ" ಅನ್ನಬೇಡಿ, "ಸಂಜೆ ಹೊತ್ತಿಗೆ ಬೆವರಿನ ವಾಸನೆ ಗೊತ್ತಾಗುತ್ತೆ ಅಕ್ಕಾ" ಅನ್ನಿ. ಬೆವರಿಗೆ ತನ್ನದೇ ವಾಸನೆ ಹೆಚ್ಚುಕಡಿಮೆ ಇಲ್ಲ, ಕಂಕುಳಿನ ಚರ್ಮದ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಬರುತ್ತದೆ. ಡಿಯೋ ಮುಖ್ಯವಾಗಿ ವಾಸನೆಯನ್ನು ಮುಚ್ಚುತ್ತದೆ. ಬೆವರನ್ನೇ ಕಡಿಮೆ ಮಾಡುವುದು ಆಂಟಿಪರ್ಸ್ಪಿರಂಟ್. ಅದನ್ನು ರಾತ್ರಿ ಮಲಗುವ ಮುಂಚೆ, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಬೇಕು. ಹಗಲು ಬೆವರಿದ ಮೇಲೆ ಹಚ್ಚಿದರೆ ನಿಲ್ಲುವುದಿಲ್ಲ. ನಲವತ್ತೈದು ಐವತ್ತರ ಆಸುಪಾಸಿನ ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗಿ ಬೆವರುವುದೂ ಉಂಟು. ನೀವು ಅದನ್ನು ಕೇಳಲು ಹೋಗಬೇಡಿ. ಅವರೇ ಹೇಳಿಕೊಂಡರೆ, ಅಥವಾ ಸುಮ್ನೆ ಕೂತಾಗಲೂ ಬಟ್ಟೆ ತೊಯ್ಯುವಷ್ಟು ಬೆವರುತ್ತಾರೆ ಅಂದರೆ, ಡಾಕ್ಟರಿಗೆ ತೋರಿಸಿ ಅನ್ನಿ. ಅದಕ್ಕೆ ಔಷಧಿ ಇದೆ.

ಹೇಳಿದ ಮರುದಿನ ಅವರು ಮಾತು ಕಡಿಮೆ ಮಾಡಬಹುದು. ಎರಡು ದಿನ ಬಿಡಿ, ನೀವು ಮಾತ್ರ ಎಂದಿನ ಹಾಗೆ ಊಟಕ್ಕೆ ಕರೆಯಿರಿ. ಆಫೀಸಿನವರು "ಹೇಳಿದ್ಯಾ, ಏನಂದ್ರು" ಅಂತ ಕೇಳಿದರೆ ಉತ್ತರ ಕೊಡಬೇಡಿ. ಎರಡು ವಾರ ಕಳೆದರೂ ಹಾಗೇ ಇದ್ದರೆ ಇನ್ನೊಂದೇ ಸಲ ಹೇಳಿ, ಅದರ ಮೇಲೆ ಅದು ಮ್ಯಾನೇಜರ ಕೆಲಸ.

ನಮ್ಮ ಹುಡುಗ ಮರುದಿನ ರಜೆ ಹಾಕಿದ. ನನಗೆ ಆ ದಿನ ಕೆಲಸವೇ ಸಾಗಲಿಲ್ಲ. ಅದರ ಮರುದಿನ ಬಂದ, ಮಧ್ಯಾಹ್ನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟ. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಆಗಸ್ಟಿನಲ್ಲಿ ನಾಲ್ಕು ದಿನ ಎಡೆಬಿಡದೆ ಮಳೆ ಹೊಡೆದಾಗ ತಾನೇ ನನ್ನ ಪಕ್ಕಕ್ಕೆ ಬಂದು, ದನಿ ಇಳಿಸಿ, "ಅಣ್ಣಾರ, ಇವತ್ತ ಅಂಗಿ ವಾಸನಿ ಬರಾಕತ್ತೈತೇನ್ರಿ?" ಅಂತ ಕೇಳಿದ. ಸ್ವಲ್ಪ ಇತ್ತು. ಇದೆ ಅಂದೆ.