ಗಲ್ಲಾ ಲೆಕ್ಕ ಅಂಗಡಿಯಲ್ಲೇ ಮುಗಿಯಲಿ

ಪ್ರಶ್ನೆ: ನಾನೂ ನಮ್ಮನೆಯವರೂ ಸೇರಿ ದಾವಣಗೆರೆ ಹದಡಿ ರಸ್ತೆ ಕಡೆ ಕಿರಾಣಿ ಅಂಗಡಿ ನಡೆಸ್ತೀವಿ. ರಾತ್ರಿ ಊಟಕ್ಕೆ ಕೂತಾಗ ದುಡ್ಡಿನ ವಿಷಯಕ್ಕೆ ದಿನಾ ಜಗಳ. ಮನೆವರೆಗೂ ಬರದ ಹಾಗೆ ಏನು ಮಾಡಬಹುದು?

ನಿಮ್ಮಲ್ಲಿ ಗಲ್ಲಾ ಎಣಿಸೋರು ಯಾರು, ಯಾವಾಗ ಅಂತ ಮೊದಲು ನೋಡ್ಕೊಳ್ಳಿ. ಬಹಳಷ್ಟು ಕಿರಾಣಿ ಅಂಗಡಿಗಳಲ್ಲಿ ಹೆಂಡತಿ ಏಳಕ್ಕೆ ಅಡಿಗೆ ಮಾಡೋಕೆ ಮನೆಗೆ ಹೋಗ್ತಾರೆ. ಗಂಡ ಒಂಬತ್ತೂವರೆಗೆ ಒಬ್ಬರೇ ಕೂತು ಎಣಿಸ್ತಾರೆ. ದುಡ್ಡು ಕಮ್ಮಿ ಕಂಡರೆ ಕೇಳೋಕೆ ಎದುರಿಗೆ ಯಾರೂ ಇಲ್ಲ, ಹಾಗಾಗಿ ಆ ಪ್ರಶ್ನೆ ಬೈಕ್ ಮೇಲೆ ಮನೆಗೇ ಬರುತ್ತೆ. "ಮಧ್ಯಾಹ್ನ ವ್ಯಾಪಾರ ಇರ್ಲಿಲ್ವಾ?" ಅಂತ ಅವರು ಸುಮ್ಮನೆ ಕೇಳಿದ್ದರೂ, ಮಧ್ಯಾಹ್ನ ಗಲ್ಲಾದಲ್ಲಿ ಕೂತಿದ್ದವರಿಗೆ ಅದು ಕಳ್ಳತನ ಹೊರಿಸಿದ ಹಾಗೇ ಕೇಳಿಸುತ್ತೆ.

ಪ್ರತಿ ಗಿರಾಕಿಗೂ ಬಿಲ್ ಹಾಕದ ಅಂಗಡಿಯಲ್ಲಿ ದಿನದ ವ್ಯಾಪಾರ ಎಷ್ಟು ಅಂತ ನೇರವಾಗಿ ಗೊತ್ತಾಗೋದಿಲ್ಲ. ಲೆಕ್ಕ ಹಿಂದಿನಿಂದ ಕಟ್ಟಬೇಕು: ಗಲ್ಲಾದಲ್ಲಿ ಉಳಿದ ನಗದು, ಫೋನ್‌ಪೇಗೆ ಬಂದದ್ದು, ಆ ದಿನ ಕೊಟ್ಟ ಉದ್ರಿ, ಗಲ್ಲಾದಿಂದ ಹೊರಗೆ ಕೊಟ್ಟದ್ದು, ಇಷ್ಟನ್ನೂ ಕೂಡಿ. ಅದರಲ್ಲಿ ಬೆಳಿಗ್ಗೆ ಇಟ್ಟ ಚಿಲ್ಲರೆಯನ್ನೂ, ಆ ದಿನ ನಗದಾಗಿಯೋ ಫೋನ್‌ಪೇಗೋ ವಸೂಲಾದ ಹಳೇ ಉದ್ರಿಯನ್ನೂ ಕಳೀರಿ.

ಒಂದು ದಿನದ ಲೆಕ್ಕ ನೋಡಿ. ಉಳಿದ ನಗದು 5,350, ಫೋನ್‌ಪೇ 6,200, ಉದ್ರಿ 1,150, ಬಿಸ್ಕತ್ ಏಜೆನ್ಸಿಯವರಿಗೂ ಹಮಾಲಿಗೂ ಸೇರಿ ಕೊಟ್ಟದ್ದು 3,580. ಕೂಡಿದರೆ 16,280. ಚಿಲ್ಲರೆ 2,000, ಹಳೇ ಉದ್ರಿ 800 ಕಳೆದರೆ ವ್ಯಾಪಾರ 13,480. ಆದರೆ ನಡುವೆ ಒಬ್ಬರು ಹಾಲಿನವನಿಗೆ 620 ಕೊಟ್ಟಿದ್ದಾರೆ, ಇನ್ನೊಬ್ಬರು ಮಗಳ ಟ್ಯೂಷನ್‌ಗೆ 500 ತೆಗೆದಿದ್ದಾರೆ, ಎರಡನ್ನೂ ಬರೆದಿಲ್ಲ. ನಿಜವಾದ ವ್ಯಾಪಾರ 14,600. ಬರೆಯದ 1,120 ರೂಪಾಯಿ "ವ್ಯಾಪಾರ ಕಮ್ಮಿ" ಅನ್ನೋ ವೇಷದಲ್ಲಿ ಕಾಣಿಸ್ಕೊಳ್ತು, ಅಷ್ಟೇ. ಇಬ್ಬರದ್ದೂ ತಪ್ಪಿಲ್ಲದೆ ಜಗಳ ಆಗೋದು ಹೀಗೆ.

ಇದಕ್ಕೆ ಗಲ್ಲಾ ಪಕ್ಕ ಒಂದು ಮೊಳೆ ಹೊಡೀರಿ. ದುಡ್ಡು ಹೊರಗೆ ಹೋಗೋ ಮೊದಲು ಒಂದು ಚೀಟಿ: ಎಷ್ಟು, ಯಾರಿಗೆ, ತೆಗೆದವರು ಯಾರು. ಸಿಗರೇಟ್ ಪ್ಯಾಕಿನ ಹಿಂಭಾಗವಾದರೂ ಸಾಕು. ಐವತ್ತು ರೂಪಾಯಿಗೂ ಚೀಟಿ ಬೇಕು. "ಸಣ್ಣದು, ನೆನಪಿರುತ್ತೆ" ಅಂದದ್ದೇ ಸಂಜೆಗೆ ಮರೆತಿರುತ್ತೆ.

ಎರಡನೇದು, ಏಳಕ್ಕೆ ನೀವು ಎದ್ದು ಹೋಗೋ ಮೊದಲೇ ಒಂದು ಸಲ ಎಣಿಸಿ. ಒಬ್ಬರು ನೋಟು ಎಣಿಸಲಿ, ಇನ್ನೊಬ್ಬರು ಚೀಟಿ ಓದಲಿ. ಹತ್ತು ನಿಮಿಷದ ಕೆಲಸ. ಆ ನಗದನ್ನು ಅವತ್ತಿನ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ರಾತ್ರಿ ಅವರು ಎಣಿಸುವಾಗ ಏಳರ ನಂತರದ ವ್ಯತ್ಯಾಸ ಮಾತ್ರ ಅವರ ಪಾಲಿಗೆ. ಏನಾದರೂ ತಾಳೆ ಆಗದಿದ್ದರೆ ಮನೆಗೆ ತರೋ ಹಾಗಿಲ್ಲ, ಚೀಟಿ ಬರೆದು ಗಲ್ಲಾದಲ್ಲೇ ಬಿಟ್ಟು ಬೆಳಿಗ್ಗೆ ಇಬ್ಬರೂ ಸೇರಿ ನೋಡಿ. ಮನೆ ಅಂಗಡಿ ಹಿಂದೆಯೋ ಮೇಲೋ ಇದ್ದರೆ ಶಟರ್ ಇಳಿದ ಮೇಲೆ ಆ ಮಾತಿಲ್ಲ ಅನ್ನೋದು ನಿಜಕ್ಕೂ ಕಷ್ಟ, ಅದಕ್ಕೇ ಈ ಚೀಟಿ ಇನ್ನೂ ಹೆಚ್ಚು ಬೇಕು.

ಫೋನ್‌ಪೇ ಕ್ಯೂಆರ್ ಯಜಮಾನರ ಸ್ವಂತ ಉಳಿತಾಯ ಖಾತೆಗೆ ಇದೆಯಾ? ಹಾಗಿದ್ದರೆ ದುಡ್ಡು ಬಂತು ಅಂತ ಸ್ಪೀಕರ್ ಪೆಟ್ಟಿಗೆ ಕೂಗೋದು ನಿಮಗೆ ಕೇಳುತ್ತೆ, ಒಟ್ಟು ಎಷ್ಟಾಯ್ತು ಅಂತ ಕಾಣೋದಿಲ್ಲ. ಅಂಗಡಿ ಹೆಸರಲ್ಲಿ ಬೇರೆ ಖಾತೆ ಮಾಡಿಸಿ. ಎಣಿಸುವಾಗ ಬ್ಯಾಂಕ್ ಬ್ಯಾಲೆನ್ಸ್ ನೋಡಬೇಡಿ, ಆ್ಯಪ್‌ನಲ್ಲಿ ಇವತ್ತಿನ ವ್ಯವಹಾರಗಳ ಪಟ್ಟಿ ನೋಡಿ. ಖಾತೆಗೆ ದುಡ್ಡು ಕೆಲವೊಮ್ಮೆ ಮಾರನೇ ದಿನ ಜಮಾ ಆಗುತ್ತೆ, ಬ್ಯಾಲೆನ್ಸ್ ಇಟ್ಟು ಲೆಕ್ಕ ಹಾಕಿದರೆ ದಿನಾ ತಪ್ಪುತ್ತೆ.

ಉದ್ರಿ ವಿಷಯದಲ್ಲಿ ಹುಷಾರು. "ಅಣ್ಣ ಕೊಡ್ತೀನಿ ಅಂದಿದ್ರು ಅಕ್ಕಾ" ಅಂತ ಒಬ್ಬರ ಹೆಸರು ಹೇಳಿ ಇನ್ನೊಬ್ಬರಿಂದ ಸಾಮಾನು ತಗೊಂಡು ಹೋಗೋರು ಎಲ್ಲ ಓಣಿಯಲ್ಲೂ ಇದ್ದಾರೆ. ಪ್ರತಿ ಮನೆಗೂ ಒಂದು ಮಿತಿ ಹಾಕಿ ಉದ್ರಿ ಪುಸ್ತಕದ ತಲೆಬರಹದಲ್ಲೇ ಬರೀರಿ, ಸಾವಿರವೋ ಎರಡು ಸಾವಿರವೋ. ಮಿತಿ ದಾಟಿದರೆ ಇಬ್ಬರೂ ಹೂಂ ಅನ್ನಬೇಕು. ಗಿರಾಕಿ ಮುಂದೆ ಮಾತ್ರ ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಬೇಡ ಅನ್ನಬೇಡಿ, ಅವರು ಹೋದ ಮೇಲೆ ಕೇಳಿ.

ಮನೆ ಖರ್ಚಿಗೆ ದಿನಾ ಗಲ್ಲಾಕ್ಕೆ ಕೈ ಹಾಕೋ ಬದಲು ಸೋಮವಾರ ಸೋಮವಾರ ಒಂದೇ ಮೊತ್ತ ತೆಗೆದು ಚೀಟಿ ಹಾಕಿ. ಅಂಗಡಿಯಿಂದ ಮನೆಗೆ ಹೋದ ಎಣ್ಣೆ, ಬೇಳೆಯನ್ನೂ ಕೊಂಡ ಬೆಲೆಯಲ್ಲಿ ಬರೀರಿ. ಬರೆಯದಿದ್ದರೆ ಸಾಮಾನು ಖಾಲಿ ಆಗಿದೆ, ದುಡ್ಡು ಬಂದಿಲ್ಲ ಅನ್ನೋ ಹೊಸ ಜಗಳ ಶುರುವಾಗುತ್ತೆ. ದೊಡ್ಡ ವಿಷಯಗಳನ್ನು, ಮಂಡಿಪೇಟೆಗೆ ಕೊಡಬೇಕಾದ ಬಾಕಿ, ಹೊಸ ಫ್ರಿಜ್ಜು ಇಂಥದ್ದನ್ನೆಲ್ಲ, ಅಮಾವಾಸ್ಯೆ ಪೂಜೆ ದಿನಕ್ಕೆ ಇಟ್ಕೊಳ್ಳಿ. ಪೂಜೆ ಆದ ಮೇಲೆ ಅಂಗಡಿಯಲ್ಲೇ ಅರ್ಧ ತಾಸು ಪುಸ್ತಕ ತೆಗೆದು ಕೂರಿ.

ಎರಡು ವಾರ ಹೀಗೆ ಬರೆದ ಮೇಲೂ, ಕೆಲಸದ ಹುಡುಗ ಇರೋ ಹೊತ್ತಲ್ಲೇ ವ್ಯಾಪಾರ ಕಮ್ಮಿ ಕಾಣ್ತಿದ್ದರೆ, ಅದು ಗಂಡ ಹೆಂಡಿರ ಜಗಳವೇ ಅಲ್ಲ. ಆ ಹೊತ್ತಿಗೆ ಗಲ್ಲಾದ ಕೀಲಿ ನಿಮ್ಮಿಬ್ಬರಲ್ಲಿ ಒಬ್ಬರ ಕೈಯಲ್ಲಿರಲಿ.