ಕಾರ್ಡ್ ಖಾಲಿಯಾಗಿ ವಾಪಸ್ ಬಂತು

ಬದಿಯಡ್ಕ ಕಡೆಯ ಗೃಹಿಣಿಯೊಬ್ಬರು ಹಲಸಿನ ಅಡುಗೆಯ ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. "ಗಂಡನ ಚಿಕ್ಕಪ್ಪನ ಮಗನ ಮುಖ ನೋಡಿದರೆ ಸಿಟ್ಟು ಬರ್ತದೆ, ರಾತ್ರಿ ನಿದ್ದೆ ಇಲ್ಲ" ಎಂದು ನನ್ನ ಹತ್ತಿರ ಸಲಹೆಗೆ ಬಂದಿದ್ದರು.

ಆ ಹುಡುಗನೇ ಅವರ ಮೊದಲ ಎಡಿಟರ್. ಮೇ ತಿಂಗಳಲ್ಲಿ ಹಪ್ಪಳ ಒತ್ತುವುದನ್ನು ಶೂಟ್ ಮಾಡಿ ಮೆಮೊರಿ ಕಾರ್ಡನ್ನೇ ಅವನ ಕೈಗೆ ಕೊಟ್ಟಿದ್ದರು. ವಿಡಿಯೋ ಮುಗಿಸಿದವನು ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಕೊಟ್ಟ. ಜಾಗ ಸಾಲದೆಂದು ಲ್ಯಾಪ್‌ಟಾಪಿನಿಂದಲೂ ಅಳಿಸಿದ್ದ. ಹಪ್ಪಳ ಒತ್ತುತ್ತಾ ಅತ್ತೆ ಹಾಡಿದ ಶೋಭಾನೆ ಪೂರ್ತಿ ಅದರಲ್ಲಿತ್ತು. ವಿಡಿಯೋದಲ್ಲಿ ಉಳಿದದ್ದು ಹತ್ತು ಸೆಕೆಂಡು. ಈಗ ಅತ್ತೆಗೆ ಹಾಡಲು ಉಸಿರು ಸಾಲುವುದಿಲ್ಲ.

ಫಾರ್ಮ್ಯಾಟ್ ಆದ ಕಾರ್ಡನ್ನು ಮುಟ್ಟದೆ ಇಟ್ಟಿದ್ದರೆ ರಿಕವರಿ ಮಾಡುವವರು ಏನಾದರೂ ತೆಗೆದುಕೊಡುತ್ತಿದ್ದರೋ ಏನೋ. ಇವರು ಅದರ ಮೇಲೆ ಮತ್ತೆರಡು ಸಲ ಶೂಟ್ ಮಾಡಿದ್ದರು.

ಮುಂದಿನ ಸಲ ಇಬ್ಬರನ್ನೂ ಕರೆದೆ. ಹುಡುಗ ಮೊಬೈಲ್ ತೆಗೆದು ತೋರಿಸಿದ. ಅತ್ತಿಗೆ ಕಳಿಸಿದ ಸೂಚನೆ ಒಂದೇ: "ಸ್ವಲ್ಪ ಚೆಂದ ಮಾಡು." ಹಾಡು ಬೇಕು, ಫೂಟೇಜ್ ಉಳಿಸು ಎಂದು ಎಲ್ಲೂ ಇಲ್ಲ. ಆಮೇಲೆ ನಾಲ್ಕು ಸಲ ತಿದ್ದುಪಡಿ. ಒಂದು ವಿಡಿಯೋಗೆ 500 ರೂಪಾಯಿ. ಫೂಟೇಜ್ ನೋಡಲು, ಕತ್ತರಿಸಲು, ಧ್ವನಿ ಸರಿಮಾಡಲು, ತಿದ್ದಲು ಎಂದು ಲೆಕ್ಕ ಹಾಕಿಸಿದೆ. 14 ಗಂಟೆ ಆಯಿತು, ಗಂಟೆಗೆ ಸುಮಾರು 36 ರೂಪಾಯಿ. ಅವರು ಸುಮ್ಮನಾದರು. "ಅಡಿಕೆ ಸುಲಿಯುವವರಿಗೆ ಇದಕ್ಕಿಂತ ಜಾಸ್ತಿ ಕೊಡ್ತೇನಲ್ವಾ" ಎಂದರು.

ಅಲ್ಲೇ ಒಂದು ಹಾಳೆಯಲ್ಲಿ ಬರೆಸಿದೆ. ವಿಡಿಯೋ ಹತ್ತು ನಿಮಿಷ. ಹಿಟ್ಟಿನ ಹದ ಹತ್ತಿರದಿಂದ ಕಾಣಬೇಕು, ಒಳಕೋಣೆ ಕಾಣಬಾರದು. ಥಂಬ್‌ನೇಲ್ 1280x720, ಮೂರೇ ಪದ, ಬಲಗಡೆ ಕೆಳಮೂಲೆ ಖಾಲಿ. ವಿಡಿಯೋದ ಅವಧಿ ಅಲ್ಲೇ ಕಾಣಿಸುವುದರಿಂದ ಅಕ್ಷರ ಮುಚ್ಚಿಹೋಗುತ್ತದೆ. ತಿದ್ದುಪಡಿ ಎರಡು ಸಲ, ಎಷ್ಟನೇ ನಿಮಿಷದಲ್ಲಿ ಏನು ಎಂದು ಒಟ್ಟಿಗೆ ಬರೆದು ಕೊಡುವುದು. ಮೂರನೆಯದಕ್ಕೆ ಬೇರೆ ದುಡ್ಡು. ವಿಡಿಯೋಗೆ 2000 ಎಂದು ಅವರೇ ಒಪ್ಪಿದರು, ಅರ್ಧ ಮೊದಲೇ.

ಕಾರ್ಡ್ ಮನೆಯಿಂದ ಹೊರಗೆ ಹೋಗಬಾರದು ಎಂದೆ. ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ತೆರೆದು ಓಡಿಸಿ ನೋಡಿದ ಮೇಲೆಯೇ ಫಾರ್ಮ್ಯಾಟ್. ಅವನಿಗೆ ಕೊಡುವುದು ಮೂರನೆಯ ಕಾಪಿ. ವಿಡಿಯೋ ಜೊತೆ ಪ್ರಾಜೆಕ್ಟ್ ಫೈಲ್ ಕೂಡ ವಾಪಸ್ ಬರಬೇಕು. ಜಿಮೇಲ್ ಪಾಸ್‌ವರ್ಡನ್ನೂ ಕೊಟ್ಟುಬಿಟ್ಟಿದ್ದರು! ಅದನ್ನು ಬದಲಿಸಿ, ಯೂಟ್ಯೂಬ್ ಸ್ಟುಡಿಯೋದ Permissions ಒಳಗೆ ಅವನಿಗೆ Editor (limited) ಕೊಡಿಸಿದೆ. ಅದರಲ್ಲಿ ಆದಾಯ ಕಾಣುವುದಿಲ್ಲ.

ಥಂಬ್‌ನೇಲ್ ಯಾರದ್ದು ಎಂಬ ಮಾತೂ ಬಂತು. ದುಡ್ಡು ಕೊಟ್ಟ ಮಾತ್ರಕ್ಕೆ ಹೊರಗಿನವರು ಮಾಡಿದ ಕೆಲಸವೆಲ್ಲ ನಮ್ಮದೇ ಆಗುತ್ತದೆ ಎಂದೇನಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿರಬೇಕು, ಕೊಡುವವರ ಸಹಿ ಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ಅದನ್ನೂ ಸೇರಿಸಿದರು.

ಸಹಿ ಹಾಕುವ ಮುಂಚೆ ಹುಡುಗ ಕೇಳಿದ, "ಅತ್ತಿಗೆ, ನನ್ನ ಕೆಲಸ ಅಂತ ಬೇರೆಯವರಿಗೆ ತೋರಿಸಬಹುದಾ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಅಪ್‌ಲೋಡ್ ಆದದ್ದನ್ನು ತೋರಿಸು" ಎಂದು, ಹಾಳೆಯ ಕೊನೆಗೆ ತಾವೇ ಬರೆದರು.