ಬೀಡಿ ಬಿಟ್ಟ ಮೇಲೆ ಏರುವ ತೂಕ

ಪ್ರಶ್ನೆ: ಕುಂಬಳೆಯಲ್ಲಿ ಅಂಗಡಿ ನಡೆಸುತ್ತಿದ್ದೇನೆ. ಬೀಡಿ ಬಿಟ್ಟು ಎರಡು ತಿಂಗಳಾಯಿತು, ಮೂರು ಕಿಲೋ ತೂಕ ಹೆಚ್ಚಿದೆ. ಏನು ಮಾಡಲಿ?

ಉತ್ತರ: ಇದು ನಿರೀಕ್ಷಿತವೇ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ದೇಹ ವ್ಯಯಿಸುವ ಶಕ್ತಿಯನ್ನೂ ತುಸು ಹೆಚ್ಚಿಸುತ್ತದೆ. ಅದು ನಿಂತಾಗ ಎರಡೂ ತಿರುಗುತ್ತವೆ. ಮೊದಲ ವರ್ಷದಲ್ಲಿ ಸರಾಸರಿ 4-5 ಕಿಲೋ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ.

ಬೀಡಿಯ ಜಾಗದಲ್ಲಿ ಬಾಯಿಗೆ ಏನು ಹೋಗುತ್ತಿದೆ ಎಂಬುದನ್ನು ಮೊದಲು ಗಮನಿಸಿ. ಅಂಗಡಿಯಲ್ಲಿ ಕುಳಿತು ದಿನಕ್ಕೆ ಎರಡೆರಡು ಚಮಚ ಸಕ್ಕರೆಯ ನಾಲ್ಕು ಚಹಾ ಹೆಚ್ಚುವರಿಯಾಗಿ ಕುಡಿದರೆ ಸಕ್ಕರೆಯಿಂದಲೇ ಸುಮಾರು 160 ಕ್ಯಾಲರಿ, ಜೊತೆಗೆ ಒಂದು ಹಿಡಿ ನೇಂದ್ರ ಬಾಳೆಕಾಯಿ ಚಿಪ್ಸ್ ತಿಂದರೆ ಹತ್ತಿರ ಹತ್ತಿರ ಅಷ್ಟೇ ಸೇರುತ್ತದೆ. ಅರ್ಧ ಗಂಟೆಯ ಬಿರುಸಿನ ನಡಿಗೆಯಿಂದ ಇದರ ಅರ್ಧದಷ್ಟೂ ಕರಗುವುದು ಕಷ್ಟ. ಆದ್ದರಿಂದ ಚಹಾದ ಸಕ್ಕರೆಯನ್ನು ಇಳಿಸಿ, ಚಿಪ್ಸ್ ಬದಲು ನೀರುಮಜ್ಜಿಗೆ, ಸೌತೆಕಾಯಿ ಅಥವಾ ಪೇರಳೆಹಣ್ಣನ್ನು ಕೈಗೆಟುಕುವಂತೆ ಇಡಿ. ನಡಿಗೆಯನ್ನೂ ಬಿಡಬೇಡಿ, ಅದು ಬೀಡಿಯ ತುಡಿತವನ್ನು ತಗ್ಗಿಸುತ್ತದೆ.

ಈಗಲೇ ಉಪವಾಸ ಅಥವಾ ಕಠಿಣ ಪಥ್ಯ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹಸಿದ ಹೊಟ್ಟೆ ಬೀಡಿಯ ಬಯಕೆಯನ್ನು ಕೆರಳಿಸಬಹುದು. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಿದರೆ ತೂಕದ ಏರಿಕೆ ಮುಂದೂಡಲ್ಪಡುತ್ತದೆ. ಬಾಯಿ ಸುಮ್ಮನಿರದೆಂದು ಅಡಿಕೆ ಜಗಿಯಬೇಡಿ. ಹೊಗೆಸೊಪ್ಪು ಇಲ್ಲದಿದ್ದರೂ ಅದು ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಈ ತಿಂಗಳುಗಳಲ್ಲಿ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ.